ಸ್ಟ್ರೀಮಿಂಗ್ ಬಂದ ಮೇಲೆ ಹಾಡಿಗೆ ಕತ್ತರಿ ಬಿದ್ದದ್ದೆಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಡಿನ ಉದ್ದ, ದನಿ ಶುರುವಾಗುವ ಮುಂಚಿನ ಇಂಟ್ರೋ, ರಚನೆ ಇವುಗಳನ್ನು ಅಳತೆ ಮಾಡಿ ನೋಡಬೇಕೆಂದಿರುವ ವಿದ್ಯಾರ್ಥಿಗಳಿಗೂ ಕುತೂಹಲದ ಓದುಗರಿಗೂ ಈ ಪುಟ. ಹೆಚ್ಚಿನ ಸಂಶೋಧನೆ ನಡೆದಿರುವುದು ವಾರ ವಾರ ಹಿಟ್ ಹಾಡುಗಳನ್ನು ಸಾಲಾಗಿ ಕೊಡುವ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೇಲೆ, ಹಾಗಾಗಿ ಇಲ್ಲಿನ ಉದಾಹರಣೆಗಳೂ ಬಹುಪಾಲು ಅಲ್ಲಿಯವೇ.

ಸ್ಟ್ರೀಮಿಂಗ್‌ನಿಂದಾಗಿ ಹಾಡುಗಳು ಚಿಕ್ಕದಾದವು ಅನ್ನುತ್ತಾರೆ. ನಿಜವೇ?

ಚಿಕ್ಕದಾದದ್ದು ನಿಜ. 'ಸ್ಟ್ರೀಮಿಂಗ್‌ನಿಂದಾಗಿ' ಅನ್ನುವ ಮಾತಿಗೆ ಮಾತ್ರ ಇನ್ನೂ ಪೂರ್ತಿ ಸಾಕ್ಷಿ ಸಿಕ್ಕಿಲ್ಲ.

ಹಾಟ್ 100 ಪಟ್ಟಿಯ ಹಾಡುಗಳ ಸರಾಸರಿ ಉದ್ದ 2013ರಿಂದ 2018ರ ನಡುವೆ ಸುಮಾರು 20 ಸೆಕೆಂಡು ಇಳಿಯಿತು. 3 ನಿಮಿಷ 50 ಸೆಕೆಂಡಿನ ಆಸುಪಾಸಿನಲ್ಲಿದ್ದದ್ದು 3 ನಿಮಿಷ 30 ಸೆಕೆಂಡಿನ ಹತ್ತಿರಕ್ಕೆ ಬಂತು. ಈ ಐದು ವರ್ಷವನ್ನಷ್ಟೇ ನೋಡಿದರೆ ತೀರ್ಪು ಸುಲಭ. ಆದರೆ ಗ್ರಾಫನ್ನು ಹಿಂದಕ್ಕೆ ಎಳೆದು ನೋಡಿ. 1960ರ ದಶಕದ ಆರಂಭದಲ್ಲಿ ಹಿಟ್ ಹಾಡುಗಳ ಸರಾಸರಿ 3 ನಿಮಿಷಕ್ಕಿಂತ ಕಡಿಮೆಯಿತ್ತು. 1990ರ ಹೊತ್ತಿಗೆ ಅದು 4 ನಿಮಿಷ ದಾಟಿತ್ತು. ಅಲ್ಲಿಂದ ಮುಂದೆ ಇಳಿಯುತ್ತಲೇ ಬಂದಿದೆ, ಅದೂ ಸ್ಟ್ರೀಮಿಂಗ್‌ನ ಹೆಸರೇ ಇಲ್ಲದ ಕಾಲದಿಂದ. ಹೋಲಿಕೆಗೆ 1990 ತೆಗೆದುಕೊಂಡರೆ ಇಂದಿನ ಹಾಡು ಮೊಟಕಾಗಿ ಕಾಣುತ್ತದೆ, 1962 ತೆಗೆದುಕೊಂಡರೆ ಮಾಮೂಲಿಯಾಗಿ ಕಾಣುತ್ತದೆ. ಆರಂಭದ ವರ್ಷವನ್ನು ಹೇಳದೆ ಬರೆದ ಲೇಖನವನ್ನು ಅನುಮಾನದಿಂದಲೇ ಓದಿ.

ಇನ್ನೊಂದು ತೊಡಕು, 'ಸ್ಟ್ರೀಮಿಂಗ್' ಅನ್ನುವುದು ಒಂದೇ ಕಾರಣವಲ್ಲ. ಕೇಳುಗ ಬೆರಳಾಡಿಸಿ ಹಾಡು ದಾಟಿಸುವುದು ಒಂದು, 30 ಸೆಕೆಂಡಿಗೆ ಪ್ಲೇ ಎಣಿಸುವುದು ಇನ್ನೊಂದು, ಉದ್ದ ಎಷ್ಟಿದ್ದರೂ ಪ್ಲೇ ಒಂದಕ್ಕೆ ಒಂದೇ ಲೆಕ್ಕ ಅನ್ನುವುದು ಮತ್ತೊಂದು. ಇವುಗಳ ಒತ್ತಡ ಹಾಡಿನ ಬೇರೆ ಬೇರೆ ಜಾಗದ ಮೇಲೆ ಬೀಳುತ್ತದೆ. ಆದ್ದರಿಂದ ಹಾಡು ಎಷ್ಟು ಚಿಕ್ಕದಾಯಿತು ಅನ್ನುವುದಕ್ಕಿಂತ ಎಲ್ಲಿ ಚಿಕ್ಕದಾಯಿತು ಅನ್ನುವುದು ಹೆಚ್ಚು ಉಪಯೋಗದ ಪ್ರಶ್ನೆ.

ಇಂಟ್ರೋ 20 ಸೆಕೆಂಡಿನಿಂದ 5 ಸೆಕೆಂಡಿಗೆ ಇಳಿಯಿತು ಎಂಬ ಅಂಕಿ ಎಲ್ಲಿಂದ ಬಂತು?

ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಊಬೇರ್ ಲೆವೇಯೆ ಗೋವ್ಯಾಂ ಮಾಡಿದ ಅಧ್ಯಯನದಿಂದ. 1986ರಿಂದ 2015ರವರೆಗೆ ಅಮೆರಿಕದ ಟಾಪ್ 10 ತಲುಪಿದ 303 ಹಾಡುಗಳನ್ನು ಅವರು ಪರಿಶೀಲಿಸಿದರು. ಗಮನ ಸೆಳೆಯಲು ಪೈಪೋಟಿ ಹೆಚ್ಚಿದಂತೆ ಹಾಡಿನ ಐದು ಸಂಗತಿಗಳು ಬದಲಾಗಿರಬೇಕು ಎಂಬುದು ಅವರ ಊಹೆ: ಶೀರ್ಷಿಕೆಯ ಪದಗಳ ಸಂಖ್ಯೆ, ವೇಗ, ದನಿ ಬರುವ ಮುಂಚಿನ ಸಮಯ, ಶೀರ್ಷಿಕೆಯ ಪದ ಹಾಡಿನಲ್ಲಿ ಮೊದಲು ಕೇಳಿಸುವ ಸಮಯ, ಸಾಹಿತ್ಯದಲ್ಲಿ 'ನಾನು' ಎಷ್ಟಿದೆ ಎಂಬುದು. ಮೊದಲ ನಾಲ್ಕು ಊಹೆಯ ದಿಕ್ಕಿನಲ್ಲೇ ಸಾಗಿದ್ದವು, ಕೊನೆಯದು ಕೈಕೊಟ್ಟಿತು. ದನಿಗೆ ಮುಂಚಿನ ಸಮಯ ಸುಮಾರು ಶೇ. 78ರಷ್ಟು ಕುಗ್ಗಿತ್ತು, ವೇಗ ಸುಮಾರು ಶೇ. 8ರಷ್ಟು ಏರಿತ್ತು.

ಈ ಅಧ್ಯಯನವನ್ನು 'ಸ್ಟ್ರೀಮಿಂಗ್ ಇಂಟ್ರೋವನ್ನು ಕೊಂದಿತು' ಎಂಬ ತಲೆಬರಹದಡಿ ಉಲ್ಲೇಖಿಸುವವರು ವರ್ಷಗಳನ್ನು ಗಮನಿಸುವುದಿಲ್ಲ. ಸ್ಪಾಟಿಫೈ ಅಮೆರಿಕಕ್ಕೆ ಬಂದದ್ದು 2011ರ ಜುಲೈನಲ್ಲಿ. ಮೂವತ್ತು ವರ್ಷದ ದತ್ತಾಂಶದಲ್ಲಿ ಸ್ಟ್ರೀಮಿಂಗ್‌ಗೆ ಸೇರುವುದು ಕೊನೆಯ ನಾಲ್ಕೂವರೆ ವರ್ಷ ಮಾತ್ರ. ಜೊತೆಗೆ 303 ಹಾಡು ಅಂದರೆ ವರ್ಷಕ್ಕೆ ಸುಮಾರು ಹತ್ತು. ದೀರ್ಘ ಇಳಿಕೆಯನ್ನು ತೋರಿಸಲು ಇಷ್ಟು ಸಾಕು, ಆದರೆ ಇಳಿಜಾರು ಯಾವ ವರ್ಷ ಕಡಿದಾಯಿತು ಎಂದು ಹೇಳಲು ಸಾಲದು. ಅಧ್ಯಯನದ ತಪ್ಪಲ್ಲ ಇದು. ಅದು ಕೇಳಿದ್ದು ಗಮನದ ಪೈಪೋಟಿಯ ಬಗ್ಗೆ; ರಿಮೋಟ್, ಸಿಡಿ ಪ್ಲೇಯರ್‌ನ ಗುಂಡಿ, ರೇಡಿಯೋ ಸ್ಟೇಷನ್ ಬದಲಿಸುವುದು ಎಲ್ಲವೂ ಆ ಪೈಪೋಟಿಯ ಭಾಗವೇ.

ಹಾಡಿನ ವೇಗ ಹೆಚ್ಚಿದ್ದರಿಂದಲೇ ಇಂಟ್ರೋ ಚಿಕ್ಕದಾಗಿ ಕಾಣುತ್ತಿರಬಹುದಲ್ಲವೇ?

ಒಳ್ಳೆಯ ಅನುಮಾನ, ಮತ್ತು ಕಾಗದದ ಮೇಲೆಯೇ ಪರೀಕ್ಷಿಸಬಹುದು. ನಾಲ್ಕು ಬೀಟಿನ ಹಾಡಿನಲ್ಲಿ ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಹಿಡಿಯುವ ಸೆಕೆಂಡುಗಳು ಹೀಗೆ; BPM ಅಂದರೆ ನಿಮಿಷಕ್ಕೆ ಎಷ್ಟು ಬೀಟು ಎಂಬುದು:

```
bar_sec = 240 / BPM
```

ನಿಮಿಷಕ್ಕೆ 94 ಬೀಟಿನ ಹಾಡಿಗೆ 8 ಬಾರ್ ಇಂಟ್ರೋ ಇದೆ ಎಂದಿಟ್ಟುಕೊಳ್ಳಿ. ಒಂದು ಬಾರ್ 2.55 ಸೆಕೆಂಡು, ಎಂಟಕ್ಕೆ 20.4. ವೇಗವನ್ನು ಶೇ. 8 ಏರಿಸಿದರೆ ನಿಮಿಷಕ್ಕೆ 101.5 ಬೀಟು, ಅದೇ 8 ಬಾರ್‌ಗೆ ಈಗ 18.9 ಸೆಕೆಂಡು. ವೇಗದಿಂದ ಉಳಿದದ್ದು ಒಂದೂವರೆ ಸೆಕೆಂಡು ಮಾತ್ರ. ಹೊಸ ವೇಗದಲ್ಲಿ 5 ಸೆಕೆಂಡು ಅಂದರೆ ಎರಡು ಬಾರ್‌ಗೆ ಸ್ವಲ್ಪ ಹೆಚ್ಚು. ಅಂದರೆ ಎಂಟು ಬಾರ್ ಎರಡಾಗಿದೆ. ಕೀಬೋರ್ಡ್ ತನ್ನ ರಾಗದ ಎಳೆಯನ್ನು ಒಮ್ಮೆ ಪೂರ್ತಿ ನುಡಿಸಲೂ ಪುರುಸೊತ್ತಿಲ್ಲ. ಇದು ರಚನೆಯ ಬದಲಾವಣೆಯೇ ಹೊರತು ವೇಗದ ಮರೀಚಿಕೆಯಲ್ಲ.

ಈ ಲೆಕ್ಕ ಮಾಡುವಾಗ ಒಂದು ಎಚ್ಚರ. ವೇಗ ಪತ್ತೆ ಮಾಡುವ ಸಾಫ್ಟ್‌ವೇರ್ 70 ಬೀಟಿನ ಹಾಡನ್ನು ಆಗಾಗ 140 ಎನ್ನುತ್ತದೆ, ಅಥವಾ ತಿರುಗುಮುರುಗು. ರ‍್ಯಾಪ್ ಹಾಡುಗಳಲ್ಲಂತೂ ಇದು ಮಾಮೂಲು. ಹಾಗಾದಾಗ ಬಾರ್‌ಗಳ ಸಂಖ್ಯೆ ದುಪ್ಪಟ್ಟಾಗುತ್ತದೆ ಇಲ್ಲವೇ ಅರ್ಧವಾಗುತ್ತದೆ. ಕೈಯಲ್ಲಿ ತಾಳ ತಟ್ಟಿ ನೋಡಿ, ಸ್ನೇರ್ ಡ್ರಮ್ಮಿನ ಪೆಟ್ಟು ಎರಡನೇ ಮತ್ತು ನಾಲ್ಕನೇ ಬೀಟಿಗೆ ಬೀಳುವಂತೆ ವೇಗ ನಿಗದಿ ಮಾಡಿ. ಆ ನಿಯಮವನ್ನೇ ಎಲ್ಲ ಹಾಡಿಗೂ ಪಾಲಿಸಿ.

30 ಸೆಕೆಂಡಿನ ನಿಯಮ ಏನು? ಕೋರಸ್ 30 ಸೆಕೆಂಡಿನೊಳಗೆ ಬರಲೇಬೇಕೆ?

ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಒಂದು ಪ್ಲೇ ಎಂದು ಎಣಿಕೆಯಾಗುತ್ತದೆ. ಅದಕ್ಕೂ ಮೊದಲೇ ಕೇಳುಗ ಮುಂದಿನ ಹಾಡಿಗೆ ಹೋದರೆ ಲೆಕ್ಕಕ್ಕಿಲ್ಲ. ನಿಯಮ ಇಷ್ಟೇ. ಕೋರಸ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಎಲ್ಲಿರಬೇಕು ಎಂದು ಅದು ಹೇಳುವುದಿಲ್ಲ. ಮೊದಲ ಅರ್ಧ ನಿಮಿಷದಲ್ಲಿ ಕೇಳುಗ ಓಡಿಹೋಗದಂತೆ ಏನಾದರೂ ಇರಬೇಕು, ಅಷ್ಟೇ.

ಕೇಳುಗರು ಯಾವಾಗ ಓಡಿಹೋಗುತ್ತಾರೆ ಎಂಬುದಕ್ಕೆ ಸಂಗೀತ ದತ್ತಾಂಶ ತಜ್ಞ ಪಾಲ್ ಲಾಮೇರ್ 2014ರಲ್ಲಿ ಸ್ಪಾಟಿಫೈ ದತ್ತಾಂಶದಿಂದ ಕೊಟ್ಟ ಅಂಕಿಗಳು ಇಂದಿಗೂ ಹೆಚ್ಚು ಬಳಕೆಯಲ್ಲಿವೆ. ಮೊದಲ 5 ಸೆಕೆಂಡಿನೊಳಗೆ ದಾಟಿಸುವ ಸಂಭವ ಶೇ. 24.14, 10 ಸೆಕೆಂಡಿನೊಳಗೆ 28.97, 30 ಸೆಕೆಂಡಿನೊಳಗೆ 35.05, ಹಾಡು ಮುಗಿಯುವ ಮುನ್ನ 48.6. ಸ್ವಲ್ಪ ಭಾಗಿಸಿ ನೋಡಿ: 30 ಸೆಕೆಂಡಿನೊಳಗೆ ಹೋಗುವವರಲ್ಲಿ ಹತ್ತರಲ್ಲಿ ಏಳು ಮಂದಿ 5 ಸೆಕೆಂಡಿನೊಳಗೇ ಹೋಗಿರುತ್ತಾರೆ. ಅಂದರೆ ಒತ್ತಡ ನಿಜವಾಗಿ ಬೀಳುವುದು 25ನೇ ಸೆಕೆಂಡಿನ ಮೇಲಲ್ಲ, ಮೊದಲ ಎರಡು ಬಾರ್‌ಗಳ ಮೇಲೆ. ಕೋರಸಿನ ಒಂದು ತುಣುಕನ್ನೋ ಹಾಡುಗಾರನ ಗುರುತಿನ ಕೂಗನ್ನೋ ಮೊದಲ ಕ್ಷಣದಲ್ಲೇ ಇಡುವ ಪದ್ಧತಿ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಕೋರಸನ್ನೇ ಪೂರ್ತಿ ಮುಂದಕ್ಕೆ ತರುವ ಅಗತ್ಯ ಇದರಿಂದ ಹುಟ್ಟುವುದಿಲ್ಲ.

ಆದರೂ ಈ ಅಂಕಿಗಳಿಂದ 'ಉದ್ದ ಇಂಟ್ರೋ ಇದ್ದದ್ದರಿಂದ ದಾಟಿಸಿದರು' ಎಂದು ಹೇಳಲಾಗದು. 5 ಸೆಕೆಂಡಿನೊಳಗೆ ದಾಟಿಸುವವರಲ್ಲಿ ಎಷ್ಟೋ ಮಂದಿ ಪಟ್ಟಿಯಲ್ಲಿ ತಮಗೆ ಬೇಕಾದ ಹಾಡನ್ನು ಹುಡುಕುತ್ತಿರುತ್ತಾರೆ. ಅವರಿಗೆ ಇಂಟ್ರೋ ಹೇಗಿದ್ದರೂ ಒಂದೇ.

ಉದ್ದ ಕಡಿಮೆ ಮಾಡಿದರೆ ಹೆಚ್ಚು ಹಣ ಬರುತ್ತದೆ ಅನ್ನುತ್ತಾರಲ್ಲ?

ಒಂದು ಪ್ಲೇಗೆ ಇಂತಿಷ್ಟು ಎಂಬ ನಿಗದಿತ ದರವೇನೂ ಇಲ್ಲ. ಬಂದ ಆದಾಯದ ಒಂದು ಭಾಗವನ್ನು ಒಟ್ಟುಗೂಡಿಸಿ, ಒಟ್ಟು ಪ್ಲೇಗಳಲ್ಲಿ ಯಾರದ್ದು ಎಷ್ಟು ಪಾಲು ಎಂದು ನೋಡಿ ಹಂಚುತ್ತಾರೆ. ಎಣಿಕೆ ಪ್ಲೇಗಳದ್ದು, ನಿಮಿಷಗಳದ್ದಲ್ಲ. 45 ನಿಮಿಷದ ಆಲ್ಬಮ್ಮಿನಲ್ಲಿ 3 ನಿಮಿಷ 45 ಸೆಕೆಂಡಿನ ಹಾಡುಗಳಾದರೆ 12 ಹಿಡಿಯುತ್ತವೆ, ಎರಡೂವರೆ ನಿಮಿಷದವಾದರೆ 18. ಪೂರ್ತಿ ಆಲ್ಬಮ್ ಒಮ್ಮೆ ಕೇಳಿದವನಿಂದ 12ರ ಬದಲು 18 ಪ್ಲೇ.

ಈ ಆಮಿಷ ಬರೀ ಕಾಗದದ ಮೇಲಿನದ್ದಲ್ಲ ಎನ್ನಲು ಒಳ್ಳೆಯ ನಿದರ್ಶನ ಹಾಡಿನ ಲೋಕದ ಹೊರಗಿದೆ. ನಿದ್ದೆಗೆಂದು ಮಳೆ, ಗಾಳಿ, ಫ್ಯಾನಿನ ಸದ್ದು ಕೇಳುವವರಿಗಾಗಿ ಅದೇ ಸದ್ದನ್ನು 30 ಸೆಕೆಂಡಿನ ಚೂರುಗಳಾಗಿ ಕತ್ತರಿಸಿ ಏರಿಸುವವರು ಹೆಚ್ಚಾದರು. ಕೊನೆಗೆ ಇಂಥ ಟ್ರ್ಯಾಕ್‌ಗಳು ಹಣ ಪಡೆಯಬೇಕಾದರೆ ಕನಿಷ್ಠ 2 ನಿಮಿಷ ಇರಲೇಬೇಕೆಂದು ಸ್ಪಾಟಿಫೈ 2023ರ ಕೊನೆಯಲ್ಲಿ ಪ್ರಕಟಿಸಿತು. ಗೀತರಚನೆಕಾರರೂ ಇದೇ ಲೆಕ್ಕ ಹಾಕಿಯೇ ಬರೆಯುತ್ತಾರೆ ಎಂದು ಇದರಿಂದ ಸಾಬೀತಾಗುವುದಿಲ್ಲ, ಲೆಕ್ಕ ಹಾಕಲು ಕಾರಣವಿದೆ ಎಂದಷ್ಟೇ ಗೊತ್ತಾಗುತ್ತದೆ.

ಹಾಗಾದರೆ ಕತ್ತರಿ ಬೀಳುವುದು ಎಲ್ಲಿ? ಒಂದು ಉದಾಹರಣೆ ಕೊಡಿ.

ನಿಮಿಷಕ್ಕೆ 100 ಬೀಟಿನ ಎರಡು ಮಾದರಿ ಹಾಡುಗಳನ್ನು ಕಟ್ಟೋಣ. ಒಂದು ಬಾರ್ 2.4 ಸೆಕೆಂಡು. ಇವು ನಿಜವಾದ ಹಾಡುಗಳಲ್ಲ, ಆದರೆ ಎರಡೂ ಕಾಲದ ಸಾಧಾರಣ ಹಂದರವನ್ನು ಹೋಲುತ್ತವೆ. ವರ್ಸ್ ಅಂದರೆ ಚರಣ, ಪ್ರೀ-ಕೋರಸ್ ಅಂದರೆ ಕೋರಸಿಗೆ ಕರೆದೊಯ್ಯುವ ತುಣುಕು, ಬ್ರಿಡ್ಜ್ ಅಂದರೆ ಕೊನೆಯ ಕೋರಸಿಗೆ ಮುಂಚೆ ಬರುವ ಬೇರೆ ಧಾಟಿಯ ಭಾಗ, ಔಟ್ರೋ ಅಂದರೆ ಹಾಡಿನ ಮುಕ್ತಾಯ.

ಹಳೆಯ ಮಾದರಿ: ಇಂಟ್ರೋ 8 ಬಾರ್, ಮೊದಲ ವರ್ಸ್ 16, ಪ್ರೀ-ಕೋರಸ್ 4, ಕೋರಸ್ 8, ಎರಡನೇ ವರ್ಸ್ 16, ಪ್ರೀ-ಕೋರಸ್ 4, ಕೋರಸ್ 8, ಬ್ರಿಡ್ಜ್ 8, ಕೊನೆಯಲ್ಲಿ ಕೋರಸ್ ಎರಡು ಸಲ 16, ಔಟ್ರೋ 8. ಒಟ್ಟು 96 ಬಾರ್, 3 ನಿಮಿಷ 50 ಸೆಕೆಂಡು.

ಹೊಸ ಮಾದರಿ: ಇಂಟ್ರೋ 2, ವರ್ಸ್ 16, ಪ್ರೀ-ಕೋರಸ್ 4, ಕೋರಸ್ 8, ಅರ್ಧ ಮಾಡಿದ ಎರಡನೇ ವರ್ಸ್ 8, ಪ್ರೀ-ಕೋರಸ್ 4, ಕೋರಸ್ ಎರಡು ಸಲ 16, ಔಟ್ರೋ 2. ಒಟ್ಟು 60 ಬಾರ್, 2 ನಿಮಿಷ 24 ಸೆಕೆಂಡು.

ಹೋದದ್ದು 36 ಬಾರ್. ಅದರಲ್ಲಿ ಇಂಟ್ರೋದ ಪಾಲು 6, ಅಂದರೆ ಆರರಲ್ಲಿ ಒಂದು. ಉಳಿದ 30 ಬಾರ್ ಹೋದದ್ದು ಮೊದಲ ಕೋರಸ್ ಮುಗಿದ ನಂತರ: ಅರ್ಧ ವರ್ಸ್, ಇಡೀ ಬ್ರಿಡ್ಜ್, ಒಂದು ಕೋರಸ್, ಔಟ್ರೋದ ಬಹುಪಾಲು. ಈ ಭಾಗಗಳ ಬಗ್ಗೆ 30 ಸೆಕೆಂಡಿನ ನಿಯಮಕ್ಕೆ ಹೇಳುವುದೇನೂ ಇಲ್ಲ. ಅಲ್ಲಿಗೆ ತಲುಪುವ ಹೊತ್ತಿಗೆ ಪ್ಲೇ ಎಣಿಕೆಯಾಗಿ ಎಷ್ಟೋ ಹೊತ್ತಾಗಿರುತ್ತದೆ. ಹಾಡಿನ ಉದ್ದ ಇಳಿದದ್ದಕ್ಕೆ 30 ಸೆಕೆಂಡಿನ ನಿಯಮವನ್ನು ದೂರುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ಹಿಂಬದಿಯ ಕಡಿತಕ್ಕೆ ಪ್ಲೇ ಲೆಕ್ಕದ ಹಂಚಿಕೆ, ಪೂರ್ತಿ ಕೇಳಿಸಿ ಮತ್ತೆ ಕೇಳಿಸುವ ಆಸೆ, ಅಥವಾ ಸ್ಟ್ರೀಮಿಂಗ್‌ಗೆ ಸಂಬಂಧವೇ ಇಲ್ಲದ ಶೈಲಿಯ ಬದಲಾವಣೆ ಕಾರಣವಾಗಿರಬಹುದು.

ಇದೇ ಉದಾಹರಣೆಯಲ್ಲಿ ಇನ್ನೊಂದು ಬಲೆಯೂ ಇದೆ. ಹಳೆಯದರಲ್ಲಿ ಕೋರಸ್ ಶುರುವಾಗುವುದು 28 ಬಾರ್ ಕಳೆದ ಮೇಲೆ, 67 ಸೆಕೆಂಡಿಗೆ. ಹೊಸದರಲ್ಲಿ 22 ಬಾರ್ ಕಳೆದ ಮೇಲೆ, 53 ಸೆಕೆಂಡಿಗೆ. ಸೆಕೆಂಡಿನಲ್ಲಿ ನೋಡಿದರೆ ಕೋರಸ್ ಬೇಗ ಬಂತು. ಒಟ್ಟು ಉದ್ದದ ಪಾಲಾಗಿ ನೋಡಿದರೆ ಶೇ. 29ರಲ್ಲಿದ್ದದ್ದು ಶೇ. 37ಕ್ಕೆ ಹೋಗಿದೆ, ಅಂದರೆ ತಡವಾಯಿತು! ಕೇಳುಗನ ತಾಳ್ಮೆಯ ಪ್ರಶ್ನೆಯಾದರೆ ಸೆಕೆಂಡು ಬಳಸಿ, ಹಾಡಿನ ಹಂದರದ ಪ್ರಶ್ನೆಯಾದರೆ ಪಾಲು ಬಳಸಿ. ಎರಡನ್ನೂ ಅಳೆದು ಅನುಕೂಲವಾದದ್ದನ್ನು ಮಾತ್ರ ವರದಿ ಮಾಡಬೇಡಿ.

ಇಂಟ್ರೋ ಅಳೆಯುವುದು ಹೇಗೆ? ಎಲ್ಲಿ ಎಡವುತ್ತೇವೆ?

ಸಾನಿಕ್ ವಿಶುವಲೈಸರ್ ಅಥವಾ ಆಡಾಸಿಟಿ, ಎರಡೂ ಉಚಿತ, ಎರಡೂ ಸಾಕು. ಹಾಡನ್ನು ತೆರೆದು ನಾಲ್ಕು ಗುರುತು ಹಾಕಿ: ಮೊದಲ ಸದ್ದು, ಮೊದಲ ಮನುಷ್ಯ ದನಿ, ಸಾಹಿತ್ಯದ ಮೊದಲ ಪದ, ಕೋರಸಿನ ಮೊದಲ ಬೀಟು. ಇಂಟ್ರೋವನ್ನು ಫೈಲಿನ ಸೊನ್ನೆಯಿಂದ ಅಳೆಯದೆ ಮೊದಲ ಸದ್ದಿನಿಂದ ಅಳೆಯಿರಿ. ಹಳೆಯ ಸಿಡಿಗಳಿಂದ ಬಂದ ಫೈಲುಗಳ ತಲೆಯಲ್ಲಿ ಅರ್ಧ ಸೆಕೆಂಡು ಮೌನ ಇರುವುದುಂಟು, 5 ಸೆಕೆಂಡಿನ ಇಂಟ್ರೋದಲ್ಲಿ ಅದು ಶೇ. 10.

ಎರಡನೆಯ ಮತ್ತು ಮೂರನೆಯ ಗುರುತನ್ನು ಬೇರೆಯಾಗಿ ಇಡಲು ಕಾರಣವಿದೆ. ಇತ್ತೀಚಿನ ಹಾಡುಗಳು ಹಾಡುಗಾರನ ಒಂದು 'ಯೇ', ನಿರ್ಮಾಪಕನ ಹೆಸರಿನ ಪಿಸುಮಾತು, ಅಥವಾ ಕತ್ತರಿಸಿ ವಾದ್ಯದಂತೆ ನುಡಿಸಿದ ದನಿಯಿಂದ ಶುರುವಾಗುತ್ತವೆ. ಇವನ್ನು ದನಿ ಎಂದುಕೊಂಡರೆ ಇಂಟ್ರೋ 0 ಸೆಕೆಂಡು, ಅಲ್ಲ ಎಂದುಕೊಂಡರೆ 9 ಸೆಕೆಂಡು ಆಗಬಹುದು. ಹಳೆಯ ಹಾಡುಗಳಲ್ಲಿ ಇವು ಅಪರೂಪ, ಹಾಗಾಗಿ ನಿಯಮ ಸಡಿಲವಿದ್ದರೆ ದೋಷವೆಲ್ಲ ಹೊಸ ಹಾಡುಗಳ ಕಡೆಗೇ ವಾಲಿ, ನಿಮಗೆ ಬೇಕಾದ ಫಲಿತಾಂಶ ಪುಕ್ಕಟೆ ಸಿಕ್ಕಿಬಿಡುತ್ತದೆ. ಕನಿಷ್ಠ ಐದರಲ್ಲಿ ಒಂದು ಹಾಡನ್ನು ಇನ್ನೊಬ್ಬರಿಂದಲೂ ಗುರುತು ಹಾಕಿಸಿ, ಇಬ್ಬರ ನಡುವೆ 1 ಸೆಕೆಂಡಿಗಿಂತ ಹೆಚ್ಚು ಅಂತರ ಬಂದಲ್ಲಿ ನಿಯಮವನ್ನೇ ತಿದ್ದಿ ಮತ್ತೆ ಅಳೆಯಿರಿ.

ಯಾವ ಆವೃತ್ತಿ ಎನ್ನುವುದೂ ಮುಖ್ಯ. ಒಂದೇ ಹಾಡಿಗೆ ಆಲ್ಬಮ್ ಆವೃತ್ತಿ, ರೇಡಿಯೋಗೆಂದು ಕತ್ತರಿಸಿದ ಆವೃತ್ತಿ, ಕಥೆಯ ದೃಶ್ಯ ಅಂಟಿಸಿದ ವಿಡಿಯೋ ಮೂರೂ ಇರುತ್ತವೆ. 1980ರ ದಶಕದ ಹಾಡುಗಳಿಗೆ ಇಂದು ಸ್ಟ್ರೀಮಿಂಗ್‌ನಲ್ಲಿ ಸಿಗುವುದು ಬಹಳ ಸಲ ಉದ್ದದ ಆಲ್ಬಮ್ ಆವೃತ್ತಿ. ಆಗ ಪಟ್ಟಿ ಏರಿದ್ದು ಚಿಕ್ಕ ಸಿಂಗಲ್. ಇದನ್ನು ಗಮನಿಸದಿದ್ದರೆ ಇಳಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ದತ್ತಾಂಶವನ್ನು ಸ್ಪಾಟಿಫೈನಿಂದಲೇ ನೇರವಾಗಿ ತೆಗೆಯಬಹುದೇ?

ಉದ್ದ ಸಿಗುತ್ತದೆ, `duration_ms` ಎಂಬ ಹೆಸರಿನಲ್ಲಿ, ಮಿಲಿಸೆಕೆಂಡುಗಳಲ್ಲಿ. ಹಿಂದೆ ವೇಗ ಮತ್ತು ವಿಭಾಗಗಳನ್ನು ಕೊಡುತ್ತಿದ್ದ `audio-features`, `audio-analysis` ಎರಡನ್ನೂ 2024ರ ನವೆಂಬರ್‌ನಿಂದ ಹೊಸ ಆ್ಯಪ್‌ಗಳಿಗೆ ಮುಚ್ಚಿದ್ದಾರೆ. ಇಂಟ್ರೋದ ಅಳತೆ ಅಲ್ಲಿ ಮೊದಲೂ ಇರಲಿಲ್ಲ.

ಚಾರ್ಟಿನ ಹಾಡುಗಳನ್ನೇ ನಂಬಬಹುದೇ?

ಚಾರ್ಟ್ ತಾನೇ ಬದಲಾಗುತ್ತಾ ಬಂದಿದೆ. 1991ರ ನವೆಂಬರ್‌ನಲ್ಲಿ ಹಾಟ್ 100 ಅಂಗಡಿ-ರೇಡಿಯೋದವರ ಬಾಯಿಮಾತಿನ ವರದಿ ಬಿಟ್ಟು ಯಂತ್ರದ ಎಣಿಕೆಗೆ ಹೋಯಿತು. 1998ರ ಡಿಸೆಂಬರ್‌ನಲ್ಲಿ ಸಿಂಗಲ್ ಆಗಿ ಮಾರಾಟಕ್ಕೆ ಬಾರದ ಹಾಡುಗಳಿಗೂ ಬಾಗಿಲು ತೆರೆಯಿತು. 2012ರಲ್ಲಿ ಕೇಳುಗರು ತಾವೇ ಆರಿಸಿ ಕೇಳುವ ಸ್ಟ್ರೀಮಿಂಗ್, 2013ರ ಫೆಬ್ರವರಿಯಲ್ಲಿ ಯೂಟ್ಯೂಬ್ ಸೇರಿತು.

ಕೊನೆಯ ಎರಡರ ಪರಿಣಾಮ ದೊಡ್ಡದು. ಪ್ರಸಿದ್ಧರ ಆಲ್ಬಮ್ ಬಂದ ವಾರ ಅಭಿಮಾನಿಗಳು ಪೂರ್ತಿ ಕೇಳುವುದರಿಂದ ಅದರ ಎಲ್ಲ ಹಾಡುಗಳೂ ಪಟ್ಟಿಗೆ ನುಗ್ಗುತ್ತವೆ. 2018ರ ಜುಲೈನಲ್ಲಿ ರ‍್ಯಾಪರ್ ಡ್ರೇಕ್‌ನ ಒಂದೇ ಆಲ್ಬಮ್ಮಿನ 25 ಹಾಡುಗಳೂ ಒಂದೇ ವಾರ ಹಾಟ್ 100ರಲ್ಲಿದ್ದವು. ಹಿಂದೆಂದೂ ಸಿಂಗಲ್ ಆಗದಿದ್ದ ಚಿಕ್ಕ ತುಣುಕುಗಳೂ ಹೀಗೆ ಒಳಬರುತ್ತವೆ, ಸರಾಸರಿ ಇಳಿಯುತ್ತದೆ. ಆದರೆ ಯಾರೂ ಹಾಡು ಕಟ್ಟುವ ಕ್ರಮ ಬದಲಿಸಿರಬೇಕಾಗಿಲ್ಲ. ಇದನ್ನು ಪತ್ತೆಮಾಡಲು ಸುಲಭ ದಾರಿ: ಎಲ್ಲ ಹಾಡುಗಳ ಲೆಕ್ಕದ ಪಕ್ಕದಲ್ಲೇ, ಕನಿಷ್ಠ 5 ವಾರ ಪಟ್ಟಿಯಲ್ಲಿ ನಿಂತ ಹಾಡುಗಳ ಲೆಕ್ಕವನ್ನೂ ಹಾಕಿ. ಇಳಿಕೆ ಎರಡನೆಯದರಲ್ಲಿ ಮಾಯವಾದರೆ ನೀವು ಅಳೆದದ್ದು ಹಾಡನ್ನಲ್ಲ, ಚಾರ್ಟಿನ ನಿಯಮವನ್ನು.

ಸ್ಟ್ರೀಮಿಂಗ್‌ನ ಪಾಲನ್ನು ಹಳೆಯ ಇಳಿಕೆಯಿಂದ ಬೇರ್ಪಡಿಸುವುದು ಹೇಗೆ?

ಮೊದಲಿನಿಂದ ನಡೆಯುತ್ತಿದ್ದ ಇಳಿಕೆಯನ್ನು ಮುಂದಕ್ಕೆ ಎಳೆದು, ನಿಜವಾದ ಅಂಕಿ ಆ ಗೆರೆಗಿಂತ ಎಷ್ಟು ಕೆಳಗಿದೆ ಎಂದು ನೋಡಬೇಕು. ಅಂಕಿಅಂಶದ ಕೆಲಸಕ್ಕೆ ಬಳಸುವ ಆರ್ ಭಾಷೆಯಲ್ಲಿ ಹೀಗೆ ಶುರು ಮಾಡಬಹುದು:

```
lm(intro_bars ~ year + post + years_after + rap, data = d)
```

`intro_bars` ಇಂಟ್ರೋದ ಬಾರ್‌ಗಳ ಸಂಖ್ಯೆ. `post` 2012ರಿಂದ 1, ಅದಕ್ಕೂ ಮೊದಲು 0. `years_after` 2012ರಿಂದ ಕಳೆದ ವರ್ಷಗಳು, ಅದಕ್ಕೂ ಮೊದಲು 0. `rap` ಹಾಡು ರ‍್ಯಾಪ್ ಆಗಿದ್ದರೆ 1. `year`ನ ಗುಣಾಂಕ ಹಳೆಯ ಇಳಿಜಾರನ್ನು ಹೇಳುತ್ತದೆ, `years_after`ನದು ಆಮೇಲೆ ಅದು ಎಷ್ಟು ಕಡಿದಾಯಿತು ಎಂಬುದನ್ನು. ರ‍್ಯಾಪನ್ನು ಸೇರಿಸಲೇಬೇಕು, ಏಕೆಂದರೆ ಸ್ಟ್ರೀಮಿಂಗ್ ಎಣಿಕೆ ಬಂದ ಮೇಲೆ ಪಟ್ಟಿಯಲ್ಲಿ ಅದರ ಪಾಲು ಏರಿತು, ಮತ್ತು ಅದರ ರಚನೆಯೇ ಬೇರೆ.

ಮುಗಿಸಿದ ಮೇಲೆ ಒಂದು ಸುಳ್ಳು ಪರೀಕ್ಷೆ ಮಾಡಿ. 2012ರ ಬದಲು 2003 ಎಂದು ಹಾಕಿ, 2011ರ ನಂತರದ ಹಾಡುಗಳನ್ನು ತೆಗೆದು ಮತ್ತೆ ಓಡಿಸಿ. ಅಲ್ಲೂ ಅದೇ ಪ್ರಮಾಣದ 'ಪರಿಣಾಮ' ಕಂಡರೆ ನಿಮ್ಮ 2012ರ ಫಲಿತಾಂಶಕ್ಕೆ ಬೆಲೆಯಿಲ್ಲ. ಇಂಟ್ರೋ ಇಲ್ಲದ ಹಾಡುಗಳು, ಅಂದರೆ ಸೊನ್ನೆಗಳು, ಹೆಚ್ಚಿದ್ದರೆ ಸರಾಸರಿಯ ಜೊತೆ ಮಧ್ಯಾಂಕವನ್ನೂ, ಸೊನ್ನೆಗಳ ಶೇಕಡಾವಾರನ್ನೂ ಕೊಡಿ. 2018ರ ನಂತರದ ವರ್ಷಗಳನ್ನು ಪ್ರತ್ಯೇಕವಾಗಿಡುವುದು ಒಳಿತು. ಟಿಕ್‌ಟಾಕ್ ಬಂದ ಮೇಲೆ 15 ಸೆಕೆಂಡಿನ ತುಣುಕಿನ ಒತ್ತಡವೂ ಇದರಲ್ಲಿ ಬೆರೆಯುತ್ತದೆ.

ದೇಶ ದೇಶಗಳನ್ನು ಹೋಲಿಸಿದರೆ ಆಗದೇ?

ಆಗುತ್ತದೆ, ಮತ್ತು ಇದೇ ಉತ್ತಮ ದಾರಿ. ಸ್ಪಾಟಿಫೈ ಸ್ವೀಡನ್ನಿನಲ್ಲಿ 2008ರ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ 2011ರಲ್ಲಿ, ಸಿಡಿ ಮಾರಾಟ ಗಟ್ಟಿಯಾಗಿದ್ದ ಜಪಾನಿನಲ್ಲಿ 2016ರಲ್ಲಿ ಶುರುವಾಯಿತು. ಸ್ಟ್ರೀಮಿಂಗ್ ನಿಜಕ್ಕೂ ಕಾರಣವಾಗಿದ್ದರೆ ತಿರುವು ಇದೇ ಕ್ರಮದಲ್ಲಿ ಕಾಣಬೇಕು. ತೊಂದರೆಯೆಂದರೆ ಸ್ವೀಡನ್ನಿನ ಪಟ್ಟಿಯಲ್ಲಿ ಅಮೆರಿಕದ ಹಾಡುಗಳಿರುತ್ತವೆ, ಅಮೆರಿಕದ ಹಿಟ್‌ಗಳನ್ನು ಮ್ಯಾಕ್ಸ್ ಮಾರ್ಟಿನ್‌ನಂಥ ಸ್ವೀಡನ್ನಿನವರು ಬರೆದಿರುತ್ತಾರೆ. ಆದ್ದರಿಂದ ಆಯಾ ದೇಶದ ಭಾಷೆಯಲ್ಲೇ ಹಾಡಿದವುಗಳನ್ನು ಮಾತ್ರ ಎಣಿಸಿ. ಸ್ವೀಡಿಷ್ ಮತ್ತು ಜಪಾನಿ ಹಾಡುಗಳು ಕೇಳುವುದು ಬಹುಪಾಲು ಒಳಗಿನ ಮಾರುಕಟ್ಟೆಯ ಮಾತನ್ನೇ.

ಹತ್ತು ನಿಮಿಷದ ಹಾಡೂ ಮೊದಲ ಸ್ಥಾನಕ್ಕೆ ಬಂದಿದೆಯಲ್ಲ?

ಬಂದಿದೆ. ಟೇಲರ್ ಸ್ವಿಫ್ಟ್‌ರ 'ಆಲ್ ಟೂ ವೆಲ್' 10 ನಿಮಿಷದ ಆವೃತ್ತಿ 2021ರ ನವೆಂಬರ್‌ನಲ್ಲಿ ಹಾಟ್ 100ರ ತುದಿಗೇರಿತು. ಅತ್ತ 2019ರಲ್ಲಿ 19 ವಾರ ಮೊದಲ ಸ್ಥಾನದಲ್ಲಿದ್ದ 'ಓಲ್ಡ್ ಟೌನ್ ರೋಡ್' ಮೂಲದಲ್ಲಿ 2 ನಿಮಿಷವೂ ಇರಲಿಲ್ಲ. ಎರಡೂ ಸ್ಟ್ರೀಮಿಂಗ್ ಕಾಲದವೇ. ಕಾಯ್ದು ಕುಳಿತ ಅಭಿಮಾನಿ ಬಳಗವಿದ್ದವರಿಗೆ ಮೊದಲ 5 ಸೆಕೆಂಡಿನ ಭಯ ಇರುವುದಿಲ್ಲ. ಹಾಗಾಗಿ ಒಂದೆರಡು ಉದ್ದದ ಹಾಡು ತೋರಿಸಿ ವಾದ ಮುರಿಯುವ ಬದಲು, ಮಾದರಿಯನ್ನು ಎರಡು ಭಾಗ ಮಾಡಿ: ಮೊದಲ ಸಲ ಪಟ್ಟಿಗೆ ಬಂದ ಕಲಾವಿದರು, ಈಗಾಗಲೇ ಹೆಸರು ಮಾಡಿದವರು. ದಾಟಿಸುವ ಬೆರಳಿನ ಭಯವೇ ಇಂಟ್ರೋವನ್ನು ಕುಗ್ಗಿಸಿದ್ದರೆ, ಮೊದಲ ಗುಂಪಿನಲ್ಲಿ ಇಳಿಕೆ ಹೆಚ್ಚು ಕಾಣಬೇಕು. ಎರಡೂ ಗುಂಪು ಒಂದೇ ಸಮ ಇಳಿದಿದ್ದರೆ ಆ ವಿವರಣೆ ದುರ್ಬಲವಾಗುತ್ತದೆ, ಶೈಲಿಯ ಅನುಕರಣೆಯ ಕಡೆಗೆ ನೋಡಬೇಕಾಗುತ್ತದೆ.